ತುಕಾರಾಮನ ಗೆರೆ

ವಿಜಾಪುರದ ಗಾಂಧಿ ಚೌಕದಲ್ಲಿ, ಬಟ್ಟೆ ಅಂಗಡಿಯ ಪಕ್ಕದಲ್ಲಿ, ನಾಲ್ಕು ಪುಟದ ದಿನಪತ್ರಿಕೆಯೊಂದರ ಕಚೇರಿ ಇತ್ತು. ಅದರ ಉಪಸಂಪಾದಕ ತುಕಾರಾಮ. ಆತ ಎಷ್ಟು ತೆಳ್ಳಗಿದ್ದನೆಂದರೆ, ಗಾಳಿ ಬೀಸಿದಾಗ ಸಿಬ್ಬಂದಿಯೆಲ್ಲ ಮೊದಲು ಕಾಗದಗಳ ಮೇಲೆ ಕಲ್ಲಿಡುತ್ತಿದ್ದರು, ಆಮೇಲೆ ಅವನ ಮೇಲೆ. ಆದರೆ ಅವನ ಹಟ ಗೋಳಗುಮ್ಮಟಕ್ಕಿಂತ ಒಂದು ಮೊಳ ಎತ್ತರವಿತ್ತು.

ಕಚೇರಿಯ ಬಾಗಿಲ ಬಳಿ ಒಂದು ಕರಿಹಲಗೆ. ಪೇಪರು ಬೆಳಗ್ಗೆ ಬರುವುದು. ಹಗಲಿನ ಬಿಸಿ ಸುದ್ದಿ ಅದರ ಮೇಲೆ ಸೀಮೆಸುಣ್ಣದಲ್ಲಿ. ತುಕಾರಾಮ ಬರೆದ ತಪ್ಪನ್ನು ಅಳಿಸುತ್ತಿರಲಿಲ್ಲ. ಅದರ ಮೇಲೊಂದು ಗೆರೆ ಎಳೆದು, ಕೆಳಗೆ ಗಂಟೆ ಹಾಕಿ, ‘ತಿದ್ದುಪಡಿ’ ಎಂದು ಹೊಸದನ್ನು ಬರೆಯುತ್ತಿದ್ದ. ಸಂಜೆಗೆ ಆ ಹಲಗೆ ಬೆಕ್ಕುಗಳು ಜಗಳವಾಡಿದ ನೆಲದಂತೆ ಕಾಣುತ್ತಿತ್ತು.

“ಒರೆಸಿ ಬರೀಬಾರ್ದೇನೋ?” ಎಂದು ಮಾಲಕ ಶಿವಶರಣಪ್ಪನವರು ದಿನಾ ಕೇಳುತ್ತಿದ್ದರು.

“ಮುಂಜಾನಿ ಓದಿ ಹೋದಾಂವಗ ಏನು ಬದಲಾತು ಅಂತ ಹೆಂಗ ತಿಳೀಬೇಕ್ರಿ?” ಎಂದು ಇವನೂ ದಿನಾ ಹೇಳುತ್ತಿದ್ದ.

ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ಒಂದು ದಿನ ಹನ್ನೆರಡಕ್ಕೆ ಫೋನು ಬಂತು. ಟಿಕೋಟಾದ ಆಚೆಯ ಹಳ್ಳದಲ್ಲಿ ಬಸ್ಸು ಕೊಚ್ಚಿಹೋಗಿದೆ, ಹನ್ನೊಂದು ಜನ ಇದ್ದರು ಎಂದು. ತುಕಾರಾಮ ಹಲಗೆಗೆ ಹಾಕಿದ. ಒಂದು ಗಂಟೆಗೆ ಗೊತ್ತಾಯಿತು, ಬಸ್ಸಲ್ಲ, ಟ್ರ್ಯಾಕ್ಟರ್; ಹನ್ನೊಂದಲ್ಲ, ಐದು. ಗೆರೆ ಬಿತ್ತು. ಎರಡೂವರೆಗೆ ಬಬಲೇಶ್ವರದ ಪೊಲೀಸರು ಹೇಳಿದರು: ನಾಲ್ವರು ದಂಡೆಗೆ ಬಂದಿದ್ದಾರೆ, ಮಮದಾಪುರದ ಗೊಲ್ಲಾಳಪ್ಪ ಸಿಕ್ಕಿಲ್ಲ, ಮುಳುಗಿರಬಹುದು.

ಹಲಗೆಯಲ್ಲಿ ಅದನ್ನು ಓದಿದ ಯಾರೋ ಮೂರರ ಬಸ್ಸಿಗೆ ಸುದ್ದಿಯನ್ನು ಮಮದಾಪುರಕ್ಕೆ ಒಯ್ದರು. ಹೀಗೆ ಹೋದ ಸುದ್ದಿ ಬಸ್ಸಿಗಿಂತ ಎರಡು ಹರದಾರಿ ಮುಂದೆ ಓಡುತ್ತದೆ. ಆದರೆ ಗೊಲ್ಲಾಳಪ್ಪನ ಹೆಂಡತಿ ರೇಣವ್ವ ಅಂದು ಸಂತೆಗೆಂದು ಚೌಕದಲ್ಲೇ ಇದ್ದಳು. ಓದಲು ಬಾರದ ಅವಳು ಜನರ ಬಾಯಿಂದ ಕೇಳಿ, ಬುಟ್ಟಿ ಇಳಿಸಿ ಹಲಗೆಯ ಎದುರು ಕೂತುಬಿಟ್ಟಳು.

ನಾಲ್ಕಕ್ಕೆ ಮತ್ತೆ ಪೊಲೀಸರ ಫೋನು: ಗೊಲ್ಲಾಳಪ್ಪ ಜಾಲಿ ಗಿಡ ಹಿಡಿದು ಬದುಕಿದ್ದಾನೆ. ತುಕಾರಾಮ ಗೆರೆ ಎಳೆದು ಬರೆದ, ಓದಿಯೂ ಹೇಳಿದ. ರೇಣವ್ವ ಉಸಿರು ಬಿಟ್ಟ ರಭಸಕ್ಕೆ ಹಲಗೆಯ ಸುಣ್ಣದ ಪುಡಿ ಹಾರಿತು.

ಮುಕ್ಕಾಲು ಗಂಟೆಯ ಮೇಲೆ ಟಿಕೋಟಾ ವರದಿಗಾರನ ತಂತಿ ಬಂತು. ಶಿವಶರಣಪ್ಪನವರು ಓದಿದರು: “ಗೊಲ್ಲಾಳಪ್ಪ ಮುಳುಗಿ ಮೃತ.” ಸೀಮೆಸುಣ್ಣ ಎತ್ತಿಕೊಂಡೇ ಬಾಗಿಲಿಗೆ ಬಂದರು. “ಇದು ಎಲ್ಲಾಕಿಂತ ಹೊಸಾದು. ಬರಿ.”

ರೇಣವ್ವ ಎದ್ದು ನಿಂತಳು. “ಏನಾತ್ರಿ ಯಪ್ಪಾ?”

“ಒಂಚೂರು ತಡೀ ತಾಯಿ,” ಎಂದು ತುಕಾರಾಮ ತಂತಿಯನ್ನು ಕಸಿದುಕೊಂಡು ಮೂಗಿಗೆ ಹಿಡಿದ. “ಧಣ್ಯಾರ, ಇದು ನಮ್ಮ ಕೈಗೆ ಬಂದದ್ದು ಈಗ. ಆದ್ರ ಟಿಕೋಟಾದಾಗ ಕೊಟ್ಟದ್ದು ಮಧ್ಯಾಹ್ನ ಒಂದು ಗಂಟಿ ಹತ್ತು ಮಿನಿಟಿಗೆ. ತಾರು ಕಚೇರಿಯವರು ಮ್ಯಾಲ ಬರದಾರ ನೋಡ್ರಿ. ಪೊಲೀಸರು ಹೇಳಿದ್ದು ನಾಕಕ್ಕ. ತಡಾ ಮಾಡಿ ಬಂದ ಸುದ್ದಿ ಹೊಸಾ ಸುದ್ದಿ ಆಗೂದಿಲ್ರಿ.”

“ಪೊಲೀಸರ ತಪ್ಪಿರಬಹುದಲೇ.”

“ಇರಬಹುದ್ರಿ. ಅದಕ್ಕ ಕೇಳೂಣು.”

ಟ್ರಂಕ್ ಕಾಲ್ ಸಿಗಲು ಹೋದ ಅರ್ಧ ಗಂಟೆಯಲ್ಲಿ ರೇಣವ್ವನ ಬುಟ್ಟಿಯಲ್ಲಿದ್ದ ಬದನೆಕಾಯಿ ಹಣ್ಣಾಗಿ, ಬೀಜವಾಗಿ, ಮತ್ತೆ ಮೊಳೆತವು. ಕೊನೆಗೆ ಬಬಲೇಶ್ವರದ ಹವಾಲ್ದಾರನ ದನಿ ರಸ್ತೆಯವರೆಗೂ ಕೇಳಿತು:

“ಯಾರು, ಗೊಲ್ಲಾಳಪ್ಪೇನು? ಇಲ್ಲೇ ಕುಂತಾನ್ರಿ. ಚುರುಮುರಿ ತಿನ್ನಾಕತ್ತಾನ. ಮೂರನೇ ಚಾ ಕೇಳ್ಯಾನ. ಲಗೂನ ಯಾರಾರ ಬಂದು ಕರಕೊಂಡು ಹೋಗ್ರಿ.”

“ಮೂರು ಚಾ ಅಂದ್ರ ಅಂವನ,” ಎಂದು ರೇಣವ್ವ ಕಣ್ಣೊರೆಸಿಕೊಂಡು ನಕ್ಕಳು. “ಬ್ಯಾರೇದಾಂವ ಅಲ್ಲ.”

ತುಕಾರಾಮ ಅಲ್ಲೇ ಕೂತು ಮರುದಿನದ ಸುದ್ದಿ ಬರೆದ. ಮೊದಲ ಸಾಲಿನಲ್ಲೇ ಕಡೆಯ ಸತ್ಯ: ಟ್ರ್ಯಾಕ್ಟರ್ ಹಳ್ಳಕ್ಕೆ, ಐವರೂ ಸುರಕ್ಷಿತ, ಪೊಲೀಸರ ಮಾಹಿತಿ, ಸಂಜೆ ಐದೂಕಾಲು. ಕೆಳಗೆ ತಿದ್ದುಪಡಿ: ನಮ್ಮ ಹಲಗೆಯಲ್ಲಿ ಬಸ್ಸು, ಹನ್ನೊಂದು ಜನ, ಗೊಲ್ಲಾಳಪ್ಪ ಮುಳುಗಿರಬಹುದು ಎಂದು ಬಂದದ್ದು ತಪ್ಪು.

“ನಮ್ಮ ತಪ್ಪು ನಾವ ಅಚ್ಚು ಹಾಕಬೇಕೇನು?” ಎಂದು ಶಿವಶರಣಪ್ಪನವರು ನರಳಿದರು.

ಉತ್ತರ ಕೊಟ್ಟವಳು ರೇಣವ್ವ. “ಹಾಕ್ರಿ ಯಪ್ಪಾ. ನಂಗೂ ಒಂದು ಚೀಟಿ ಬರಕೊಡ್ರಿ. ಮುಳಗ್ಯಾನ ಅಂತ ಮೊದಲ ಬರೀರಿ, ಅದರ ಮ್ಯಾಲ ದಪ್ಪ ಗೆರಿ ಎಳೀರಿ. ಮುಳಗಿದ ಸುದ್ದಿ ಆಗಲೇ ಊರು ಮುಟ್ಟಿರ್ತದ. ಬರೇ ಬದಕ್ಯಾನ ಅಂತ ಬರದು ಕಳಿಸಿದ್ರ ನಮ್ಮತ್ತಿ, ಇದು ಬ್ಯಾರೆ ಯಾವನೋ ಗೊಲ್ಲಾಳಪ್ಪ ಅಂತ ಅಳೂದು ಬಿಡೂದಿಲ್ಲ.”

ತುಕಾರಾಮ ಬರೆದುಕೊಟ್ಟ. ರೇಣವ್ವ ಆ ಚೀಟಿಯನ್ನು ಮಮದಾಪುರಕ್ಕೆ ಹೊರಟವರ ಕೈಗೆ ಕೊಟ್ಟು ತಾನು ಬಬಲೇಶ್ವರದ ಬಸ್ಸು ಹತ್ತಿದಳು, ಗಂಡನನ್ನು ನಾಲ್ಕನೇ ಚಹಾದಿಂದ ಬಿಡಿಸಿ ಊರಿಗೆ ಕರೆದೊಯ್ಯಲು.