ಟಿಕ್ ಹಾಕಿದ ಮೇಲೆ ಹೋದ ಮೇಲ್

ಚಿಂತಾಮಣಿಯಲ್ಲಿ ಬೀಜ ಗೊಬ್ಬರದ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಕೇಂದ್ರವಿದೆ. ಮನೆಯಲ್ಲಿ ಪೆಟ್ಟು ತಿಂದು ಬಂದ ಹೆಂಗಸರಿಗೆ ಅರ್ಜಿ ಬರೆದುಕೊಡುವುದು, ಆಸ್ಪತ್ರೆಗೆ, ಪೊಲೀಸ್ ಠಾಣೆಗೆ, ಕೋರ್ಟಿಗೆ ಜೊತೆಗೆ ಹೋಗುವುದು ಅದರ ಕೆಲಸ. ನಾನು ಅಲ್ಲಿ ಸಂಬಳದವಳಲ್ಲ. ಮನೆಯವರು ಕೆಲಸಕ್ಕೆ ಹೊರಟ ಮೇಲೆ ಸಾರಿಗೆ ಒಗ್ಗರಣೆ ಹಾಕಿಟ್ಟು, ಗ್ಯಾಸ್ ಆರಿಸಿದ್ದೇನೆಯೇ ಎಂದು ಇನ್ನೊಂದು ಸಲ ನೋಡಿ, ಆ ಮೆಟ್ಟಿಲು ಹತ್ತುತ್ತೇನೆ. ಗೊಬ್ಬರದ ಘಾಟು ನನ್ನ ಜೊತೆಗೇ ಮೇಲೆ ಬರುತ್ತದೆ.

ಕಾಗದವಾಗಲಿ ಮೇಲ್ ಆಗಲಿ, ಪೂರ್ತಿ ಸಿದ್ಧವಾದ ಮೇಲೆ, ಹೊರಗೆ ಹೋಗುವ ಮುಂಚೆ ಕೊನೆಯ ಸಲ ಓದುವುದು ನನ್ನ ಪಾಲಿನ ಕೆಲಸ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಸಾಲಿನ ಕೆಳಗೆ ಸ್ಕೇಲ್ ಇಟ್ಟು ಓದಲು ಕಲಿಸಿದ್ದರು. ಈಗಲೂ ನನ್ನ ಚೀಲದಲ್ಲಿ ಒಂದು ಸ್ಟೀಲ್ ಸ್ಕೇಲ್ ಇರುತ್ತದೆ. ಕಂಪ್ಯೂಟರ್ ಪಕ್ಕದ ಗೋಡೆಗೆ ಒಂದು ರಟ್ಟು ಅಂಟಿಸಿದ್ದೇವೆ. ಹೆಸರು, ನಂಬರು, ತಾರೀಖು, ಲಗತ್ತು, ಕೆಳಗೆ ಅಂಟಿಕೊಂಡು ಬರುವ ಹಳೇ ಮೇಲ್‌ಗಳು. ಪ್ರತಿಯೊಂದನ್ನೂ ನೋಡಿ ಟಿಕ್ ಹಾಕಿದ ಮೇಲೇ ಕಳಿಸುವುದು.

ಹೊರಗಿನವರಿಗೆ ಅದು ಗುಮಾಸ್ತರ ಪಟ್ಟಿಯ ಹಾಗೆ ಕಾಣುತ್ತದೆ. ನಮಗೆ ಅದರ ಒಂದೊಂದು ಸಾಲೂ ಯಾರದೋ ಮೈಮೇಲೆ ಬಿದ್ದ ಏಟು. ತಾರೀಖು ಎಂಬ ಸಾಲು ಬಂದದ್ದು ಮಂಡಿಕಲ್ ಕಡೆಯ ಒಬ್ಬಳಿಂದ. ಆಸ್ಪತ್ರೆಯವರು ಕೊಟ್ಟ ಗಾಯದ ಪತ್ರದಲ್ಲಿ ಒಂದು ದಿನ, ನಮ್ಮ ಅರ್ಜಿಯಲ್ಲಿ ಅದರ ಹಿಂದಿನ ದಿನ ಇತ್ತು. ಎದುರು ಪಕ್ಷದ ವಕೀಲರು ಅದನ್ನೇ ಹಿಡಿದು ಅವಳನ್ನು ಸುಳ್ಳಿ ಮಾಡಿದರು. ಗೆದ್ದ ಅಮಲಿನಲ್ಲಿ ಗಂಡ ಕೋರ್ಟಿನ ಕಾಂಪೌಂಡ್ ದಾಟುತ್ತಿದ್ದಂತೆಯೇ ಅವಳ ಹೊಟ್ಟೆಗೆ ಒದ್ದ. ನಂಬರು ಎಂಬ ಸಾಲಿಗೆ ಕಾರಣ ಇನ್ನೊಬ್ಬಳು. ನಮ್ಮ ಅರ್ಜಿಯಲ್ಲಿ ಅವಳ ಫೋನ್ ನಂಬರಿನ ಎರಡು ಅಂಕಿ ಹಿಂದುಮುಂದಾಗಿದ್ದವು. ಗಂಡನಿಗೆ ಜಾಮೀನು ಸಿಕ್ಕಿದೆ, ಹುಷಾರಾಗಿರಿ ಎಂದು ಠಾಣೆಯಿಂದ ಹೋದ ಕರೆ ಯಾವನೋ ಟೈರ್ ಅಂಗಡಿಯವನಿಗೆ ತಲುಪಿತು. ಇವಳು ಹಾಲಿನವನೆಂದುಕೊಂಡು ಬಾಗಿಲು ತೆಗೆದಳು. ಅವಳ ಮುಂದಿನ ಹಲ್ಲುಗಳು ಹೊಸ್ತಿಲ ರಂಗೋಲಿಯ ಮೇಲೆ ಬಿದ್ದಿದ್ದವಂತೆ. ಲಗತ್ತು ಎಂದರೆ ಸುಮ್ಮನೆ ಫೈಲಿನ ಹೆಸರು ನೋಡುವುದಲ್ಲ, ತೆರೆದು ನೋಡುವುದು. ಒಂದು ಸಲ ಒಬ್ಬಳ ಬೆನ್ನಿನ ಫೋಟೋ ಬದಲು ಇನ್ನೊಬ್ಬಳ ಬೆನ್ನು ಹೋಗಿಬಿಟ್ಟಿತ್ತು. ಬೆಲ್ಟಿನ ಬಾಸುಂಡೆಗಳೆಲ್ಲ ಒಂದೇ ಥರ ಕಾಣುತ್ತವೆ. ಆಮೇಲಿಂದ ಪ್ರತಿ ಫೋಟೋವನ್ನೂ ನಾನೇ ತೆರೆದು, ಮಚ್ಚೆ, ಬಳೆ, ರವಿಕೆಯ ಬಣ್ಣ ಹೊಂದಿಸಿ ನೋಡುತ್ತೇನೆ. ನೋಡಿದ ದಿನ ಮನೆಯಲ್ಲಿ ಟೊಮೇಟೊ ಹೆಚ್ಚಲು ಕೈ ಬರುವುದಿಲ್ಲ.

ನಾನು ಹೇಳಹೊರಟವಳು ಶಿಡ್ಲಘಟ್ಟದವಳು, ರೇಷ್ಮೆ ನೂಲು ತೆಗೆಯುವವಳು. ಅವಳ ಎಡಗೈ ಮೊಣಕೈಯವರೆಗೆ ಸುಟ್ಟಿತ್ತು. ಗೂಡು ಬೇಯಿಸುವ ಕುದಿನೀರಿನಲ್ಲಿ ಗಂಡ ಆ ಕೈಯನ್ನು ಅದ್ದಿ ಹಿಡಿದಿದ್ದ. ಅವನು ಅಷ್ಟಕ್ಕೇ ನಿಲ್ಲುವವನಲ್ಲ ಎಂದು ನಮ್ಮ ಮೇಡಂ, ಅಂದರೆ ಕೇಂದ್ರ ನಡೆಸುವವರು, ಅವಳನ್ನು ಗೌರಿಬಿದನೂರಿನ ಒಂದು ಹೊಲಿಗೆ ಘಟಕದ ಹಾಸ್ಟೆಲಿಗೆ ಸೇರಿಸಿದರು. ಕೋರ್ಟಿನ ಕಾಗದಗಳಲ್ಲಿ ಅವಳ ವಿಳಾಸ ಎಂದರೆ ನಮ್ಮ ಕೇಂದ್ರದ ವಿಳಾಸ ಮಾತ್ರ. ಅವನು ಊರೂರು ಹುಡುಕುತ್ತಿದ್ದ. ಅವಳ ತಮ್ಮನನ್ನು ಮಾರ್ಕೆಟ್ಟಿನಲ್ಲಿ ಹಿಡಿದು, "ಎಲ್ಲವ್ಳೆ ಹೇಳು" ಎಂದು ಕಿವಿಯಿಂದ ರಕ್ತ ಬರುವಂತೆ ಹೊಡೆದಿದ್ದ. ತಮ್ಮ ಹೇಳಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ.

ಒಂದು ದಿನ ಗಂಡನ ವಕೀಲರಿಂದ ಮೇಲ್ ಬಂತು. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯ ಪ್ರತಿ ಮಸುಕಾಗಿದೆ, ಸ್ಪಷ್ಟವಾದದ್ದು ಕಳಿಸಿ ಎಂದು. ಮೂಲ ಚೀಟಿ ಇವಳ ಹತ್ತಿರವೇ ಇತ್ತು. ಹಾಸ್ಟೆಲಿನ ವಾರ್ಡನ್ ಅದರ ಫೋಟೋ ತೆಗೆದು ನಮಗೆ ಮೇಲ್ ಮಾಡಿದರು. ಒಳ್ಳೆಯ ಹೆಂಗಸು. ಚೀಟಿಯ ಜೊತೆಗೆ, ಹುಡುಗಿ ಈಗ ಊಟ ಮಾಡುತ್ತಿದ್ದಾಳೆ, ಮಹಡಿಯ ಮೂಲೆ ರೂಮಿನಲ್ಲಿದ್ದಾಳೆ ಎಂದೂ ಬರೆದಿದ್ದರು. ಅವರ ಸಹಿಯ ಕೆಳಗೆ ಘಟಕದ ಪೂರಾ ವಿಳಾಸ ತಾನಾಗೇ ಬರುತ್ತಿತ್ತು.

ನಮ್ಮ ಕಂಪ್ಯೂಟರ್ ಹುಡುಗಿ ಪಾಠ ಚೆನ್ನಾಗಿ ಕಲಿತವಳು. ಫೋಟೋವನ್ನು ಮಾತ್ರ ಇಳಿಸಿಕೊಂಡು, ವಕೀಲರಿಗೆ ಬೇರೆಯೇ ಹೊಸ ಮೇಲ್ ತೆರೆದು ಅದಕ್ಕೆ ಲಗತ್ತಿಸಿದಳು. ನಾನು ಸ್ಕೇಲ್ ಇಟ್ಟು ಓದಿದೆ. ಹೆಸರು ಆಧಾರ್‌ನಲ್ಲಿದ್ದಂತೆ, ಪ್ರಕರಣದ ನಂಬರು ಕೋರ್ಟಿನ ಕಾಗದದಲ್ಲಿದ್ದಂತೆ, ತಾರೀಖು ಚೀಟಿಯಲ್ಲಿದ್ದಂತೆ. ಲಗತ್ತು ತೆರೆದೆ. ಚೀಟಿಯ ಅಂಚಿನಲ್ಲಿ ಹಾಸ್ಟೆಲಿನ ಮಂಚವೋ ಬೋರ್ಡೋ ಕಾಣುತ್ತಿಲ್ಲ ಎಂದು ನೋಡಿಕೊಂಡೆ. ಕೆಳಗೆ ಹಳೆಯ ಮೇಲ್ ಏನೂ ಇಲ್ಲ. ಟಿಕ್ ಹಾಕಿದೆ, ಹೋಯಿತು.

ಮಾರನೆಯ ಬೆಳಿಗ್ಗೆ ವಕೀಲರ ಉತ್ತರ ಬಂದಿತ್ತು. "ತಲುಪಿತು, ಧನ್ಯವಾದ." ಹುಡುಗಿ ಅದನ್ನು ಮುಚ್ಚಲು ಹೊರಟಿದ್ದಳು. ಉತ್ತರ ಒಂದೇ ಸಾಲಿನದಾದರೂ ಪಕ್ಕದ ಸ್ಕ್ರೋಲ್ ಪಟ್ಟಿ ತೀರಾ ಚಿಕ್ಕದಾಗಿತ್ತು, ಅಂದರೆ ಕೆಳಗೆ ಬೇಕಾದಷ್ಟಿದೆ ಎಂದರ್ಥ. "ಇರಮ್ಮಾ, ಕೆಳಗೆ ಹೋಗು" ಎಂದೆ.

ಕೆಳಗೆ ಮೇಡಂ ಫೋನಿನಿಂದ ಕಳಿಸಿದ ಒಂದು ಮೇಲ್ ಇತ್ತು. ಅದರ ಕೆಳಗೆ ವಾರ್ಡನ್ ಬರೆದದ್ದು. ಮಹಡಿಯ ಮೂಲೆ ರೂಮು. ಗೌರಿಬಿದನೂರು. ರಸ್ತೆಯ ಹೆಸರು.

ಮೇಡಂ ಆಗ ತಾನೇ ಮೆಟ್ಟಿಲು ಹತ್ತಿ ಬಂದರು. ನಡೆದದ್ದು ಇಷ್ಟು. ಹಿಂದಿನ ಸಂಜೆ ಅವರು ಮಂಡಿಕಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದಾಗ ವಕೀಲರು ಫೋನ್ ಮಾಡಿ, ನೀವು ಕಳಿಸಿದ ಫೈಲ್ ತೆರೆಯುತ್ತಿಲ್ಲ ಎಂದಿದ್ದರು. ಉತ್ತರ ಬರೆದರೆ ಲಗತ್ತು ಜೊತೆಗೆ ಬರುವುದಿಲ್ಲ, ಫಾರ್ವರ್ಡ್ ಮಾಡಿದರೆ ಬರುತ್ತದೆ. ಫೋಟೋ ಇದ್ದದ್ದು ವಾರ್ಡನ್ ಮೇಲ್‌ನಲ್ಲಿ. ಮೇಡಂ ಅದನ್ನೇ ಹಾಗೇ ಫಾರ್ವರ್ಡ್ ಮಾಡಿದ್ದರು. ಕುಲುಕುವ ಬಸ್ಸು, ಕೀಬೋರ್ಡ್ ಅರ್ಧ ಪರದೆ ನುಂಗಿತ್ತು, ಕೆಳಗಿನದು ಕಾಣಲಿಲ್ಲ.

ಮೇಡಂ ನನ್ನ ಭುಜದ ಮೇಲಿಂದ ಓದಿದರು. ನಾನು ಸ್ಕೇಲನ್ನು ಮತ್ತೆ ಮೇಲಕ್ಕೆ ತಂದು ಯಾರಿಗೆಲ್ಲ ಹೋಗಿದೆ ಎಂಬ ಸಾಲಿನ ಕೆಳಗಿಟ್ಟೆ. ವಕೀಲರು ಉತ್ತರದ ಪ್ರತಿಯನ್ನು ತಮ್ಮ ಕಕ್ಷಿದಾರನಿಗೂ ಕಳಿಸಿದ್ದರು. ಅವಳ ಗಂಡನಿಗೆ.

"ಯಾವಾಗ ಬಂದಿದ್ದು ನೋಡಿ" ಎಂದರು ಮೇಡಂ.

ಬೆಳಿಗ್ಗೆ ಬೇಗನೆ ಬಂದಿತ್ತು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿಗೆ ಬೈಕಿನಲ್ಲಿ ಹೋಗುವವನಿಗೆ ಅಷ್ಟು ಹೊತ್ತು ಸಾಕು. ಮೇಡಂ ಪೊಲೀಸರಿಗೆ ಫೋನ್ ಹಚ್ಚಿದರು. ಹುಡುಗಿ ವಾರ್ಡನ್‌ಗೆ ಹಚ್ಚಿದಳು. ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಅವರಿಗೆ ರಿಂಗ್ ಕೇಳುವುದಿಲ್ಲ. ಮತ್ತೆ ಹಚ್ಚಿದಳು, ಮತ್ತೆ. ಕೊನೆಗೆ ಎತ್ತಿದಾಗ ಹುಡುಗಿ ಒಂದೇ ಉಸಿರಿನಲ್ಲಿ, "ವಾರ್ಡನ್ ಮೇಡಂ, ಅವನಿಗೆ ಅಡ್ರೆಸ್ ಗೊತ್ತಾಗೋಯ್ತು, ಗೇಟ್ ಹಾಕ್ಕೊಳ್ಳಿ" ಎಂದಳು. ಆ ಕಡೆಯಿಂದ ಕಬ್ಬಿಣದ ಗೇಟನ್ನು ಯಾರೋ ದಡಾರನೆ ಒದ್ದ ಸದ್ದು ನಮಗೂ ಕೇಳಿಸಿತು. ಲೈನ್ ತೆರೆದೇ ಇತ್ತು. ನಾವು ಮೂವರೂ ಆ ಫೋನಿನ ಸುತ್ತ ನಿಂತು ಕೇಳಿದೆವು. ಬೈಗುಳ. ಗಾಜು ಒಡೆದದ್ದು. ಹೆಂಗಸೊಬ್ಬರು ಕಿರುಚಿದ್ದು. ಆಮೇಲೆ ಗಂಡಸಿನ ಚೀರಾಟ, ಅದು ತುಂಬ ಉದ್ದವಾಗಿತ್ತು.

ಬಾಡಿಗೆ ಕಾರು ಹಿಡಿದು ನಾವು ಹೋಗಿ ಸೇರುವಷ್ಟರಲ್ಲಿ ಪೊಲೀಸರು ಅವನನ್ನು ಒಯ್ದಾಗಿತ್ತು. ಅಂಗಳದಲ್ಲಿ ಹೊಲಿಗೆ ಯಂತ್ರಗಳು ಮಗುಚಿ ಬಿದ್ದಿದ್ದವು. ಹಿಪ್ಪುನೇರಳೆ ಕೊಯ್ಯುವ ಕುಡುಗೋಲು ತಂದಿದ್ದನಂತೆ. ಮೆಟ್ಟಿಲಿಗೆ ಅಡ್ಡ ನಿಂತ ವಾರ್ಡನ್ ಏಟು ಮುಖಕ್ಕೆ ಬೀಳದಂತೆ ತೋಳು ಎತ್ತಿದ್ದರು. ತೋಳು ಮೂಳೆಯವರೆಗೆ ಸೀಳಿತ್ತು. ಅವರನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ಅರ್ಧ ಹೊಲಿದ ಶಾಲೆ ಯೂನಿಫಾರ್ಮುಗಳ ರಾಶಿಯ ಮೇಲೆ ರಕ್ತ ಚಿಮ್ಮಿತ್ತು. ಒಂದು ಪುಟ್ಟ ಅಂಗಿಯ ಜೇಬಿನ ಮೇಲೆ ಮಾತ್ರ ಒಂದು ಹನಿಯೂ ಬಿದ್ದಿರಲಿಲ್ಲ. ನಾನು ಯಾಕೋ ಅದನ್ನೇ ನೋಡುತ್ತ ನಿಂತೆ.

ಅವಳು ಮಹಡಿಯ ಮೂಲೆ ರೂಮಿನಲ್ಲಿರಲಿಲ್ಲ. ಕೆಳಗೆ ಇಸ್ತ್ರಿ ಮೇಜಿನ ಹತ್ತಿರ, ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಸುಟ್ಟ ಕೈ ಮಡಿಲಲ್ಲಿತ್ತು. ಮೂಗು ಮುರಿದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಬಲಗೈ ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು, ವೈರು ಪ್ಲಗ್ಗಿನಿಂದ ಕಿತ್ತು ಬಂದಿತ್ತು. ಅವನು ವಾರ್ಡನ್ ಮೇಲೆ ಎರಡನೇ ಸಲ ಕುಡುಗೋಲು ಎತ್ತಿದಾಗ ಕಾದ ಇಸ್ತ್ರಿಪೆಟ್ಟಿಗೆಯನ್ನು ಅವನ ಕೈಗೆ ಒತ್ತಿ ಹಿಡಿದಿದ್ದಳು. ಕುಡುಗೋಲು ಬೀಳುವವರೆಗೂ ಬಿಟ್ಟಿರಲಿಲ್ಲ, ಅವನು ಇನ್ನೊಂದು ಕೈಯಿಂದ ಮುಖಕ್ಕೆ ಗುದ್ದುತ್ತಿದ್ದರೂ. ಆಮೇಲೆ ಉಳಿದ ಹೆಂಗಸರು ಬಟ್ಟೆ ಅಳೆಯುವ ಕೋಲುಗಳಿಂದ ಅವನನ್ನು ಕೆಡವಿದರು.

ಮೇಡಂ ಅವಳ ಎದುರು ನೆಲದ ಮೇಲೆ ಕೂತರು. "ಅಡ್ರೆಸ್ ನನ್ನಿಂದ ಹೋಯ್ತಮ್ಮಾ. ನಾನೇ ಕಳಿಸ್ದೆ" ಎಂದರು.

ಅವಳು ತೆರೆದಿದ್ದ ಕಣ್ಣಿನಲ್ಲೇ ಮೇಡಂ ಅವರನ್ನು ನೋಡಿದಳು. "ಅವ್ನು ಮೂಲೆ ರೂಮು, ಊಟ ಮಾಡ್ತಾವ್ಳಂತೆ ಅಂತ ಕೂಗ್ತಾ ಬಂದ. ಆ ರೂಮು ಅಕ್ಕಪಕ್ಕದೋರ್ಗೇ ಗೊತ್ತಿರ್ಲಿಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಕ್ಕಾ, ಇನ್ಮೇಲೆ ನಾನೆಲ್ಲಿರ್ತೀನೋ ಅದು ಎಲ್ಲೂ ಬರೀಬೇಡಿ. ಊಟ ಮಾಡ್ತಾ ಇದೀನಿ ಅಂತ್ಲೂ ಬರೀಬೇಡಿ."

ಕೆಲವು ದಿನಗಳ ನಂತರ ಆ ಘಟನೆಯ ವರದಿ ಕೋರ್ಟಿಗೆ ಹೋಗಬೇಕಿತ್ತು. ನಿಯಮದಂತೆ ಅದರ ಒಂದು ಪ್ರತಿ ಎದುರು ಪಕ್ಷದ ವಕೀಲರಿಗೂ. ಇಸ್ತ್ರಿಪೆಟ್ಟಿಗೆಯ ವಿಷಯ ಬೇಡವೇನೋ ಎಂದು ಹುಡುಗಿ ಮೆಲ್ಲಗೆ ಕೇಳಿದಳು. ಅವನ ಗಾಯದ ಪತ್ರವೂ ಕೋರ್ಟಿಗೆ ಬರುತ್ತದೆ, ನಮ್ಮದರಲ್ಲಿ ಇಲ್ಲದಿದ್ದರೆ ಮಂಡಿಕಲ್ ಕಡೆಯವಳ ಹಾಗೆ ಇವಳೂ ಸುಳ್ಳಿಯಾಗುತ್ತಾಳೆ ಎಂದೆ. ಬರೆದೆವು, ವಾರ್ಡನ್ ಮೇಲೆ ಎತ್ತಿದ್ದ ಕುಡುಗೋಲನ್ನೂ ಅದೇ ಸಾಲಿನಲ್ಲಿ.

ನಾನು ಓದಲು ಕೂತೆ. ಹೆಸರುಗಳು. ತಾರೀಖು, ವಾರ. ಲಗತ್ತುಗಳನ್ನು ಒಂದೊಂದಾಗಿ ತೆರೆದೆ. ವಾರ್ಡನ್ ತೋಳು, ಹೊಲಿಗೆ ಹಾಕಿದ ಮೇಲೆ. ಅವಳ ಮೂಗು. ಅವಳ ವಿಳಾಸದ ಜಾಗದಲ್ಲಿ ನಮ್ಮ ಗೊಬ್ಬರದಂಗಡಿ ಮೇಲಿನ ವಿಳಾಸ. ಅವಳು ಈಗಿರುವ ಊರು ನನಗೂ ಗೊತ್ತಿಲ್ಲ, ಹುಡುಗಿಗೂ ಗೊತ್ತಿಲ್ಲ. ಮೇಡಂ ತಮ್ಮ ಫೋನಿನಿಂದ ಕೇಂದ್ರದ ಮೇಲ್ ತೆಗೆಸಿಹಾಕಿದ್ದರು. ಮೇಜಿನ ಆ ಕಡೆ ಕೈಕಟ್ಟಿ ನಿಂತಿದ್ದರು.

"ಟಿಕ್ ಹಾಕಿದ್ರಾ?" ಎಂದರು.

"ಇನ್ನೂ ಇಲ್ಲ" ಎಂದೆ. ಕೊನೆಯ ಸಾಲಿನ ಕೆಳಗೆ ಇಳಿಸುತ್ತ ಹೋದೆ. ಬಿಳಿ, ಮತ್ತೆ ಬಿಳಿ. ಸ್ಕ್ರೋಲ್ ಪಟ್ಟಿ ತಳ ಮುಟ್ಟಿ ನಿಂತಿತು. ಕೆಳಗೆ ಯಾರೂ ಇರಲಿಲ್ಲ. ಆಗ ಟಿಕ್ ಹಾಕಿದೆ.