ತಾಡಪತ್ರಿಯ ಪರದೆ

ಮಷಿನ್ನಿನ ಬೆನ್ನಿಗೂ ಗೋಡೆಗೂ ನಡುವೆ ನನ್ನ ಅಂಗೈ ಅಡ್ಡ ಹಿಡಿಯುವಷ್ಟು ಜಾಗ ಬಿಟ್ಟಿದ್ದೆ. ಅಪ್ಪನಿಗೆ ಅದೇ ಸರಿಬರಲಿಲ್ಲ.

"ಧೂಳಿಗಿ ಬಾಗ್ಲಾ ತಗದು ಇಟ್ಟಂಗ ಆತಲ್ಲ, ತಂಗಿ," ಎಂದ.

ಜೇವರ್ಗಿಯ ನಮ್ಮ ಮಹಡಿ ಮನೆಯ ಬಚ್ಚಲಲ್ಲಿ ಬಟ್ಟೆ ಒಗೆಯುವ ಮಷಿನ್ ಹಿಡಿಸುತ್ತಿರಲಿಲ್ಲ. ಉಳಿದದ್ದು ಹೆದ್ದಾರಿಗೆ ಮುಖ ಮಾಡಿದ ಬಾಲ್ಕನಿ. ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ವರ್ಷ ನಾನು ಮಷಿನ್ ತಂದದ್ದು ಅವ್ವನಿಗಾಗಿ. ಅವಳ ಬೆರಳ ಕೀಲುಗಳು ಹಿಂಡುವಾಗ ನೋಯುತ್ತಿದ್ದವು. ಅಪ್ಪ ಒಂದೇ ಮಾತು ಹೇಳಿದ್ದ: "ಮೊದಲ ಮಳಿಗಿ ಒಳಗ ನೀರು ಹೋತಂದ್ರ, ಕಲಬುರ್ಗಿಗಿ ನಿಮ್ಮಣ್ಣನ ಮನಿಗಿ ಕಳಿಸ್ತೇನಿ. ಅಲ್ಲಿ ಜಾಗಾ ಅದ."

ಅವ್ವ ಮೊದಲು ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದ್ದಳು. ಬಿಚ್ಚಿದಾಗ ಹಾಳೆಯ ಒಳಮೈ ತುಂಬ ಹನಿ. ಮಷಿನ್ನಿನ ಒದ್ದೆ ತೊಟ್ಟಿಯ ಆವಿ ಹೊರಹೋಗಲು ದಾರಿಯೇ ಇರಲಿಲ್ಲ. ಮುಚ್ಚಬೇಕಾದದ್ದು ಮಷಿನ್ನನ್ನಲ್ಲ, ಬಾಲ್ಕನಿಯನ್ನು ಎಂದು ನನಗೆ ಆಗ ಹೊಳೆಯಿತು.

ಅಳತೆ ತೆಗೆದುಕೊಂಡು, ಲಾರಿಗಳಿಗೆ ತಾಡಪತ್ರಿ ಹೊಲಿಯುವ ಚಾಚಾನ ಅಂಗಡಿಗೆ ಹೋದೆ.

"ಅಕ್ಕಾರ, ಲಾರಿ ಯಾವ ಊರಿಗಿ ಹೊಂಟದ್ರಿ?"

"ಎಲ್ಲಿಗೂ ಇಲ್ರಿ ಚಾಚಾ. ಬಾಲ್ಕನ್ಯಾಗ ನಿಂತದ."

"ಹಂಗಾದ್ರ ಡ್ರೈವರ್ ಛಲೋ ಮನಷ್ಯಾ!" ಎಂದು ನಕ್ಕ. ಪರದೆಯ ಕೆಳಗೆ ಗೇಣು ಜಾಗ ಬಿಡಬೇಕು ಎಂದು ನಾನು ಹೇಳಿದಾಗ ಮಾತ್ರ ನಗು ನಿಂತಿತು. "ಗಾಳಿ ಹೊಕ್ಕರ ಹಾರ್ತದ್ರಿ."

"ಮೋಟಾರಿನ ಕಾವು ಹೊರಗ ಹೋಗ್ಬೇಕ್ರಿ. ಕೆಳಗಿನ ಮಡಚಿನ್ಯಾಗ ಭಾರಕ್ಕ ಕಬ್ಬಿಣದ ಸಳಿ ಹಾಕ್ರಿ. ಎರಡೂ ಬದಿ ಕೊಂಡಿ ನಾ ಹಾಕಿಸ್ತೇನಿ."

ಗಾರೆಯವನನ್ನು ಕರೆಸಿ, ಮಷಿನ್ನಿಗೆ ನೆಲಕ್ಕಿಂತ ಎತ್ತರದಲ್ಲಿ ಶಹಾಬಾದಿ ಕಲ್ಲಿನ ಕಟ್ಟೆ ಮಾಡಿಸಿದೆ. ನೆಲದ ಇಳಿಜಾರು ಹೊರಗಿನ ಕೊಳವೆಯ ಕಡೆಗೆ. ಪ್ಲಗ್ಗಿನ ಪೆಟ್ಟಿಗೆ ಬಾಗಿಲ ಒಳಗೆ, ಅರ್ಥಿಂಗ್ ಸಮೇತ. ಪರದೆ ತೂಗುಹಾಕಿದ ಮೇಲೆ ಮಧ್ಯಾಹ್ನ ಪಶ್ಚಿಮದ ಬಿಸಿಲು ಪರದೆಗೇ ಬಡಿದು ನಿಲ್ಲತೊಡಗಿತು. ಮಷಿನ್ನಿನ ಮುಚ್ಚಳ ಕೈಗೆ ಬಿಸಿಯಾಗುತ್ತಿರಲಿಲ್ಲ.

ಮೊದಲ ಮಳೆ ಒಂದು ಸಂಜೆ ಬಂತು, ಎಂದಿನಂತೆ ಧೂಳಿನ ಹಿಂದೆ. ಪ್ಲಗ್ ಕಿತ್ತು ಪರದೆ ಇಳಿಸಿ ಕೊಂಡಿ ಹಾಕಿದೆ. ತಾಡಪತ್ರಿ ಉಬ್ಬಿತು, ಬಡಿಯಿತು; ಸಳಿ ಕದಲಲಿಲ್ಲ. ಏನಾಗುವುದೋ ಎಂದು ಅವ್ವ ಅಡಿಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಮಳೆ ನಿಂತ ಮೇಲೆ ಅಪ್ಪ ಪರದೆ ಸರಿಸಿ ಒಳಗೆ ಹೋದ. ಬಗ್ಗಿ, ಧೋತರದ ಚುಂಗಿನಿಂದ ಮಷಿನ್ನಿನ ಬೆನ್ನು, ತಳ ಎರಡನ್ನೂ ಒರೆಸಿದ. ಬೆಳಕಿಗೆ ಬಂದು ನೋಡಿದ. ಪರದೆಗೆ ತಾಗಿದ ಧೋತರದ ಮಗ್ಗಲು ಕಪ್ಪು ಕೆಸರಾಗಿತ್ತು. ಮಷಿನ್ ಒರೆಸಿದ ಚುಂಗು ಒಣಗಿಯೇ ಇತ್ತು, ಬೆಳ್ಳಗಿತ್ತು.

"ಇಲ್ಲಿ ನೋಡ," ಎಂದು ಅವ್ವನನ್ನು ಕರೆದು ತೋರಿಸಿದ. "ನಿನ್ ಮಗಳು ಕಟ್ಟಿದ್ದು."

ಆ ಮಾತು ಇವತ್ತಿಗೂ ನನ್ನ ಹತ್ತಿರ ಇದೆ.

ಮರುದಿನ ಬೆಳಿಗ್ಗೆ ಪರದೆಯನ್ನು ಮೇಲಕ್ಕೆ ಸುತ್ತಿ ಕಟ್ಟಿದೆ, ತೊಟ್ಟಿಗೆ ನೀರು ತುಂಬಿಸಿದೆ, ಅಪ್ಪನ ಧೋತರ ಹಾಕಿದೆ. ಗುಂಡಿ ತಿರುಗಿಸಲು ಅವ್ವನನ್ನು ಕರೆದೆ.