ಯುಗಾದಿ ಮುಂಚಿನ ಗ್ಯಾಸ್

ಜಗಳೂರಿನಲ್ಲಿ ಅರ್ಪಿತಾ ಏನು ಕೆಲಸ ಮಾಡುತ್ತಾಳೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾಲಿನ ಅಂಗಡಿಯವನ ಪ್ರಕಾರ ಆಕೆ ಹವಾಮಾನ ಇಲಾಖೆಯವಳು. ಎದುರುಮನೆ ಹೊನ್ನೂರಮ್ಮನ ಪ್ರಕಾರ ಕಂಪ್ಯೂಟರ್ ಮುಂದೆ ಕೂತು ಹೊಗೆ ಅಳೆಯುವವಳು. ಹೊನ್ನೂರಮ್ಮನದೇ ಸತ್ಯಕ್ಕೆ ಹತ್ತಿರ. ಪುಣೆಯ ಒಂದು ಎಂಜಿನಿಯರಿಂಗ್ ಕಂಪನಿಗೆ ಆಕೆ ಮನೆಯಿಂದಲೇ ಕಟ್ಟಡಗಳ ಕಾರ್ಬನ್ ಲೆಕ್ಕ ಹಾಕಿಕೊಡುತ್ತಾಳೆ. ಅದರಲ್ಲೂ ಗೋಡೆ, ಕಂಬದ್ದಲ್ಲ. ಒಳಗಿನ ಎಸಿ, ಪೈಪು, ವೈರು, ಲಿಫ್ಟುಗಳದ್ದು. ಅವನ್ನು ತಯಾರಿಸಿ ತಂದು ಕೂರಿಸುವಾಗ ಎಷ್ಟು, ನಡೆಸುವಾಗ ಎಷ್ಟು, ಹಳತಾಗಿ ಬದಲಿಸುವಾಗ ಎಷ್ಟು, ಕೊನೆಗೆ ಕಿತ್ತು ಹಾಕುವಾಗ ಎಷ್ಟು ಎಂದು ಹುಟ್ಟಿನಿಂದ ಸಾವಿನವರೆಗಿನ ಲೆಕ್ಕ. ಇದನ್ನು ಯಾರಿಗಾದರೂ ಬಿಡಿಸಿ ಹೇಳಹೊರಟರೆ ಎರಡನೇ ವಾಕ್ಯಕ್ಕೇ ಅವರಿಗೆ ಬಸ್ಸಿನ ನೆನಪಾಗುತ್ತಿತ್ತು. ಹಾಗಾಗಿ ಹೇಳುವುದನ್ನೇ ಬಿಟ್ಟಿದ್ದಳು.

ನಲವತ್ತು ದಾಟಿತ್ತು. ಮದುವೆಯ ಮಾತು ಬಂದು ಬಂದು ಸವೆದು ಹೋಗಿತ್ತು. ಹುಟ್ಟೂರು ಬಿಳಿಚೋಡಿನಲ್ಲಿ ಅಣ್ಣಂದಿರು ತಮ್ಮ ಪಾಡಿಗಿದ್ದರು. ಇಲ್ಲಿ ಮಹಡಿಯ ಮೇಲಿನ ಎರಡು ಕೋಣೆ, ಒಂದು ಮೇಜು, ಒಂದು ತಟ್ಟೆ. ಮೀಟಿಂಗಿನಲ್ಲಿ ಮಾತಾಡುವವರ ಮುಖಗಳು ಪರದೆಯ ಮೇಲೆ ಅಂಚೆಚೀಟಿಯಷ್ಟಾಗಿ ಕಾಣುತ್ತಿದ್ದವು. ಮೀಟಿಂಗ್ ಮುಗಿದರೆ ಆ ಮನೆಯಲ್ಲಿ ಫ್ಯಾನಿನದೊಂದೇ ಸದ್ದು.

ಇದ್ದದ್ದೆಂದರೆ ಭಾನುವಾರ. ಕೆಳಗಿನ ಮನೆಯ ಪ್ರೇಮಮ್ಮ ಅಂದು ಮೆಟ್ಟಿಲ ಬುಡದಲ್ಲಿ ನಿಂತು, "ತಂಗೀ, ರೊಟ್ಟಿ ಆರಾಕತ್ತಾವೆ, ಬಾರೇ" ಎಂದು ಕೂಗುತ್ತಿದ್ದಳು. ಗಂಡ ಕಲ್ಲೇಶ್ ಎಸಿ, ಫ್ರಿಜ್ಜಿನ ಮೆಕ್ಯಾನಿಕ್. ಹಳೇ ಓಮ್ನಿಯಲ್ಲಿ ಗ್ಯಾಸ್ ಸಿಲಿಂಡರ್ ಹಾಕಿಕೊಂಡು ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಎಂದು ಸುತ್ತುತ್ತಿದ್ದ. ಊಟಕ್ಕೆ ಕೂತರೆ ವಾರದ ಸುದ್ದಿಯೆಲ್ಲ ಹೊರಬೀಳಬೇಕು. ಅರ್ಪಿತಾ ಮಾತಿಗಿಂತ ಹೆಚ್ಚು ಕೇಳುತ್ತಿದ್ದಳು, ಹಸಿವಿಗಿಂತ ಹೆಚ್ಚು ಉಣ್ಣುತ್ತಿದ್ದಳು.

ಹೀಗಿರುವಾಗ ಕಂಪನಿಯಿಂದ ಹೊಸ ಕೆಲಸ ಬಂತು. ಚನ್ನಗಿರಿಯ ಒಂದು ಖಾಸಗಿ ಆಸ್ಪತ್ರೆ ಹೊಸ ಬ್ಲಾಕ್ ಕಟ್ಟಿಸುತ್ತಿತ್ತು. ಎಸಿಗೆ ಎರಡು ದಾರಿ. ಒಂದು, ಹಳೇ ಬ್ಲಾಕಿನಲ್ಲಿರುವಂತೆ ತಾರಸಿಯ ಯಂತ್ರದಿಂದ ಪ್ರತಿ ಕೋಣೆಗೂ ತಾಮ್ರದ ಪೈಪಿನಲ್ಲಿ ತಂಪು ಮಾಡುವ ಗ್ಯಾಸನ್ನೇ ಹರಿಸುವುದು. ಇನ್ನೊಂದು, ಸೋರಿದರೂ ವಾತಾವರಣಕ್ಕೆ ಕಡಿಮೆ ಹಾನಿಯ ಗ್ಯಾಸನ್ನು ಕಾರ್ಖಾನೆಯಲ್ಲೇ ಮುಚ್ಚಿ ಕಳಿಸಿದ ಚಿಲ್ಲರ್ ಯಂತ್ರವನ್ನು ತಾರಸಿಯಲ್ಲಿಟ್ಟು ಕೋಣೆಗಳಿಗೆ ತಣ್ಣೀರು ಹರಿಸುವುದು. ಎರಡನೆಯದಕ್ಕೆ ಕಬ್ಬಿಣದ ಪೈಪು, ಪಂಪು ಜಾಸ್ತಿ. ಅಂದರೆ ತಯಾರಿಕೆಯಲ್ಲೇ ಅಡಕವಾಗಿ ಬರುವ ಕಾರ್ಬನ್ ಜಾಸ್ತಿ. ಕಂಪನಿಯ ರೂಢಿಯ ಅಂಕಿ ಹಾಕಿದಾಗ ಒಟ್ಟು ಕಾರ್ಬನ್ ಕಡಿಮೆಯಾಗಿ ಮೊದಲನೆಯದೇ ಕೂದಲೆಳೆಯಷ್ಟು ಮುಂದಿತ್ತು. ಆ ರೂಢಿಯ ಅಂಕಿಯ ಪ್ರಕಾರ ವರ್ಷಕ್ಕೆ ಸೋರುವುದು ನೂರಕ್ಕೆ ನಾಲ್ಕು ಪಾಲು ಗ್ಯಾಸ್. ಯಂತ್ರ ಕೀಳುವಾಗ ಉಳಿದದ್ದೆಲ್ಲ ಹೆಚ್ಚುಕಡಿಮೆ ವಾಪಸ್ ಸಿಲಿಂಡರಿಗೆ.

"ಚನ್ನಗಿರಿ ಆಸ್ಪತ್ರೆನಾ?" ಭಾನುವಾರದ ಊಟದಲ್ಲಿ ಅವಳು ಈ ಮಾತೆತ್ತಿದಾಗ ಕಲ್ಲೇಶನ ಮುಖ ಅರಳಿತು. "ಹಳೇ ಬ್ಲಾಕ್ ನಂದೇ ತಂಗಿ. ಹೊಸದ್ರ ಕೆಲಸಾನೂ ನಂಗೇ ಅಂತ ಬೆನಕಪ್ಪನೋರು ಬಾಯಿಬಿಟ್ಟು ಹೇಳ್ಯಾರೆ. ಅದೊಂದು ಸಿಕ್ಕಿದ್ರೆ ಈ ಅಲೆದಾಟ ತಪ್ಪತೈತೆ. ನಾಳೆ ಹೊಂಟೀನಿ, ಬಾ, ತೋರಿಸ್ತೀನಿ."

ಬೆನಕಪ್ಪ ಎಂದರೆ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವವರು. ಮರುದಿನ ಓಮ್ನಿಯಲ್ಲಿ ಹೊರಟರು. ಸೂಳೆಕೆರೆಯ ಏರಿಯ ಮೇಲೆ ಗಾಡಿ ನಿಲ್ಲಿಸಿ ಕಲ್ಲೇಶ್ ಮಂಡಕ್ಕಿ ಕೊಡಿಸಿದ. ತನ್ನ ಕೆಲಸಕ್ಕೆ ಯಾರಾದರೂ ಜೊತೆ ಬಂದದ್ದು ಅರ್ಪಿತಾಳಿಗೆ ಅದೇ ಮೊದಲು. ಅವಳಿಗೆ ನಿಜಕ್ಕೂ ಖುಷಿಯಾಗಿತ್ತು.

ಹಳೇ ಬ್ಲಾಕಿನ ತಾರಸಿಯ ಮೇಲೆ ಕಲ್ಲೇಶ್ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಪೈಪು ಜೋಡಿಸಿದ. "ವರ್ಷಾ ವರ್ಷಾ ಯುಗಾದಿ ಮುಂದೆ ಗ್ಯಾಸ್ ತುಂಬಿಬಿಡ್ತೀನಿ. ಬ್ಯಾಸಿಗ್ಯಾಗೆ ಒಂದು ಕಂಪ್ಲೇಂಟ್ ಬರಲ್ಲ, ಬೇಕಾದ್ರೆ ಕೇಳು." ತಕ್ಕಡಿಯಲ್ಲಿ ನಾಲ್ಕು ಕಿಲೋ ಇಳಿಯಿತು. ಇಡೀ ಯಂತ್ರದಲ್ಲಿ ಇರಬೇಕಾದದ್ದೇ ನಲವತ್ತು.

"ಪ್ರತಿ ವರ್ಷ ಇಷ್ಟೇ ಹಿಡಿಯುತ್ತಾ ಅಣ್ಣ?"

"ಅಷ್ಟೇ. ಗಾಡಿ ಪೆಟ್ರೋಲ್ ಕುಡಿಯಲ್ವಾ? ಹಂಗೇ ಇದೂ."

ಎಸಿ ಗ್ಯಾಸನ್ನು ಕುಡಿಯುವುದಿಲ್ಲ. ಒಳಗೇ ಸುತ್ತುತ್ತದೆ, ಖರ್ಚಾಗುವುದಿಲ್ಲ. ನಾಲ್ಕು ಕಿಲೋ ಹಿಡಿಯಿತೆಂದರೆ ನಾಲ್ಕು ಕಿಲೋ ಯಾವುದೋ ಸಂದಿಯಿಂದ ಸೋರಿ ಆಕಾಶಕ್ಕೆ ಹೋಗಿದೆ ಎಂದೇ ಅರ್ಥ. ಆ ಗ್ಯಾಸ್ ಒಂದು ಕಿಲೋ ಸೋರಿದರೆ ಎರಡು ಟನ್ನಿಗೂ ಮಿಗಿಲಾದ ಕಾರ್ಬನ್ ಡೈಆಕ್ಸೈಡ್ ಬಿಟ್ಟಂತೆ. ಅರ್ಪಿತಾಳಿಗೆ ಇದು ಅಂಗೈ ಗೆರೆಯಷ್ಟು ಪರಿಚಿತ. ಬಾಯಿ ತೆರೆದಳು, ಅವನ ಹೆಮ್ಮೆಯ ಮುಖ ನೋಡಿ ಮುಚ್ಚಿದಳು. ಬದಲಿಗೆ, "ಹಳೇ ಯಂತ್ರ ಕೀಳುವಾಗ ಒಳಗಿನ ಗ್ಯಾಸ್ ಏನು ಮಾಡ್ತೀರಿ?" ಎಂದು ಕೇಳಿದಳು.

"ವಾಲ್ವ್ ಬಿಚ್ಚಿದ್ರೆ ಆತು. ಹುಸ್ ಅಂತೈತೆ, ಖಾಲಿ!" ಕಲ್ಲೇಶ್ ನಕ್ಕ. ಅವಳೂ ನಕ್ಕಳು. ಆ ನಗು ಅವಳನ್ನು ಬಹಳ ದಿನ ಚುಚ್ಚಿತು.

ಮನೆಗೆ ಬಂದು ನೂರಕ್ಕೆ ನಾಲ್ಕರ ಜಾಗದಲ್ಲಿ ಹತ್ತು ಪಾಲು ಸೋರಿಕೆ ಎಂದು ಹಾಕಿದಳು. ಕೀಳುವಾಗ ಏನೂ ವಾಪಸ್ ಬರುವುದಿಲ್ಲ ಎಂದು ಹಾಕಿದಳು. ಲೆಕ್ಕ ತಿರುಗಿ ಬಿತ್ತು. ಗ್ರಾಫಿನಲ್ಲಿ ಸೋರಿಕೆಯ ಪಟ್ಟಿ ಬೆಳೆದು, ತಾಮ್ರ ಉಕ್ಕುಗಳಲ್ಲಿ ಅಡಕವಾದದ್ದೆಲ್ಲ ಅದರ ಪಕ್ಕ ಮಕ್ಕಳಾಟವಾಯಿತು. ತಣ್ಣೀರಿನ ದಾರಿ ಬಹಳ ಮುಂದೆ ಹೋಯಿತು. ಆದರೆ ಚಿಲ್ಲರ್ ಬಂದರೆ ನೋಡಿಕೊಳ್ಳಲು ಅದರ ಕಂಪನಿಯವರೇ ಬರುತ್ತಾರೆ. ಕಲ್ಲೇಶನಿಗೆ ಅಲ್ಲಿ ಕೆಲಸವಿಲ್ಲ.

ರೂಢಿಯ ಅಂಕಿಯನ್ನೇ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಲೋಕದ ಅರ್ಧ ವರದಿಗಳು ಹಾಗೇ ನಡೆಯುತ್ತವೆ. ಅವಳಿಂದ ಆಗಲಿಲ್ಲ. ಕಂಡದ್ದನ್ನೇ ಬರೆದಳು; ಕಲ್ಲೇಶನ ಹೆಸರೆತ್ತಲಿಲ್ಲ. ಹಳೇ ಬ್ಲಾಕಿನ ಪೈಪಿನ ಸಂದಿಗಳನ್ನು ನೈಟ್ರೋಜನ್ ತುಂಬಿ ಪರೀಕ್ಷಿಸಿ ಸರಿಪಡಿಸಬಹುದು, ಗ್ಯಾಸ್ ವಾಪಸ್ ಹಿಡಿಯುವ ಯಂತ್ರ ತರಿಸಬಹುದು, ಸ್ಥಳೀಯ ಮೆಕ್ಯಾನಿಕ್‌ಗೆ ತರಬೇತಿ ಕೊಡಬಹುದು ಎಂದೂ ಸೇರಿಸಿದಳು. ಅಷ್ಟು ಮಾಡಿದವಳು ಮೆಟ್ಟಿಲಿಳಿದು ಅವನಿಗೊಂದು ಮಾತು ಹೇಳಲಿಲ್ಲ. ಹೇಳಿದರೆ ಭಾನುವಾರ ಹೋಗುತ್ತದೆಂಬ ಭಯ. ವರದಿ ಕಳಿಸಿದ ಮೇಲೂ ಕೆಳಗೆ ಹೋಗಿ ಅದೇ ಚಾಪೆಯ ಮೇಲೆ ಕೂತು ಉಂಡಳು. ಒಂದೇ ರೊಟ್ಟಿಗೆ ಕೈ ತೊಳೆಯಹೊರಟಳು. ಪ್ರೇಮಮ್ಮ, "ಯಾಕೆ ಸೊರಗೀಯಾ?" ಎಂದು ಇನ್ನೊಂದು ಬಡಿಸಿದಳು.

ಆಸ್ಪತ್ರೆಯವರು ವರದಿಯಲ್ಲಿ ಓದಿದ್ದು ಒಂದೇ ಪದ, ಸೋರಿಕೆ. ಚಿಲ್ಲರ್ ಆರಿಸಿದರು. ಹಳೇ ಬ್ಲಾಕನ್ನೂ ಅದೇ ಕಂಪನಿಗೆ ವಹಿಸಿದರು. ತರಬೇತಿಯ ಮಾತು ಯಾರ ಕಣ್ಣಿಗೂ ಬೀಳಲಿಲ್ಲ.

ಕಲ್ಲೇಶ್ ಜಗಳಕ್ಕೆ ಬಂದಿದ್ದರೆ ಒಳ್ಳೆಯದಿತ್ತು. ಒಂದು ಸಂಜೆ ಮಹಡಿಗೆ ಬಂದವನು ಬಾಗಿಲಾಚೆಯೇ ನಿಂತ.

"ಬೆನಕಪ್ಪನೋರು ವರದಿ ತೋರಿಸಿದ್ರು. ಬರೆದಿದ್ದು ಸುಳ್ಳಲ್ಲ ಬಿಡು. ಅವತ್ತು ತಾರಸಿ ಮ್ಯಾಲೆ ನಿಂಗೆ ಗೊತ್ತಿತ್ತಲ್ಲ?"

"ಗೊತ್ತಿತ್ತಣ್ಣ."

"ಗ್ಯಾಸ್ ಖರ್ಚಾಗಲ್ಲ ಅಂತ ನಂಗೆ ಇಪ್ಪತ್ತು ವರ್ಷದಾಗೆ ಯಾರೂ ಹೇಳಿರಲಿಲ್ಲ ತಂಗಿ. ಅವತ್ತೇ ಅಂದಿದ್ರೆ ಅವತ್ತೇ ಸೋಪಿನ ನೀರು ಹಚ್ಚಿ ಸಂದಿ ಹುಡುಕ್ತಿದ್ದೆ. ಪುಣೆಯೋರಿಗೆ ಹೇಳಾಕೆ ಬಾಯಿ ಬಂತು. ನನಗೆ ಹೇಳಾಕೆ ಬರಲಿಲ್ಲ."

ತನ್ನ ಮಾತು ಕೇಳುವವರೇ ಇಲ್ಲವೆಂದು ಇಷ್ಟು ವರ್ಷ ಕೊರಗಿದವಳು, ಕೇಳಲು ಎದುರಿಗೇ ಕೂತವನಿಗೆ ಹೇಳಿರಲಿಲ್ಲ. ಅವನು ಇಳಿದು ಹೋದ.

ಭಾನುವಾರ ಕೂಗು ಬರಲಿಲ್ಲ. ಕೆಳಗೆ ರೊಟ್ಟಿ ಬಡಿಯುವ ಸದ್ದು ನಿಂತ ಮೇಲೆ ಅವಳೇ ಇಳಿದು ಹೋಗಿ ಬಾಗಿಲು ತಟ್ಟಿದಳು. ಪ್ರೇಮಮ್ಮ ಅರ್ಧ ಬಾಗಿಲು ತೆರೆದು, ಹಿಡಿಯ ಮೇಲಿನ ಕೈ ತೆಗೆಯದೆ ನಿಂತಳು. ಬೀದಿಯಲ್ಲಿ ಯಾರನ್ನಾದರೂ ಕೇಳುವಂತೆ, "ಊಟ ಆತೇನ್ರೀ?" ಎಂದಳು.

"ಆಯ್ತು" ಎಂದು ಹೇಳಿ ಅರ್ಪಿತಾ ಮೆಟ್ಟಿಲು ಹತ್ತಿದಳು. ಮೇಲೆ ಇನ್ನೂ ಅಕ್ಕಿ ತೊಳೆದಿರಲಿಲ್ಲ.